ಊರವರ ದುಡ್ಡಿನ ಕಿರುಚಿತ್ರ: ಕೊನೆಯ ಹೆಸರುಪಟ್ಟಿ ಬರೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ, ಮೈಸೂರು ಕಡೆ ಊರವರಿಂದ ದುಡ್ಡು ಸೇರಿಸಿ ಕಿರುಚಿತ್ರ ಮಾಡುವ ಗೆಳೆಯರು ಎಡಿಟಿಂಗ್ ಮುಗಿಯುವ ಹೊತ್ತಿಗೆ ಕೇಳುವ ಪ್ರಶ್ನೆಗಳು ಇವು. ಲೆಕ್ಕ ಹಾಕುವ ಕಡೆಯಲ್ಲೆಲ್ಲ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ. ಪಾಂಡವಪುರದ ಹತ್ತಿರದ ಒಂದು ಆಲೆಮನೆಯಲ್ಲಿ ಚಿತ್ರೀಕರಣವಾದ ಸಿನಿಮಾ ಎಂದುಕೊಳ್ಳಿ. ದುಡ್ಡು ಕೊಟ್ಟವರು 186 ಜನ. ಕಥೆಯ ಭಾಗ 12 ನಿಮಿಷ 50 ಸೆಕೆಂಡು.

## ಶುರುವಿನ ಪ್ರಶ್ನೆಗಳು

ಕೊನೆಯಲ್ಲಿ ಯಾರ ಹೆಸರು ಮೊದಲು ಬರಬೇಕು, ಯಾರದು ಆಮೇಲೆ?

ಮಾಮೂಲಿ ಕ್ರಮದಲ್ಲಿ ಕಲಾವಿದರು, ಆಮೇಲೆ ತಂತ್ರಜ್ಞರು, ಕೊನೆಗೆ ಕೃತಜ್ಞತೆ ಬರುತ್ತದೆ. ಊರವರ ದುಡ್ಡಿನ ಸಿನಿಮಾಗೆ ಇದು ಒಗ್ಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೆಸರು ಓಡಲು ಶುರುವಾದ ಅರ್ಧ ನಿಮಿಷಕ್ಕೆ ಜನ ಎದ್ದು ಚಪ್ಪಲಿ ಹುಡುಕುತ್ತಾರೆ. ದುಡ್ಡು ಕೊಟ್ಟವರ ಹೆಸರು ಬರುವಾಗ ಅವರೇ ಬಾಗಿಲ ಹತ್ತಿರ ಇರುತ್ತಾರೆ.

ನಾನು ಹೇಳುವ ಕ್ರಮ ಇದು. ಕಥೆ ಮುಗಿದ ಕೂಡಲೇ ನಿರ್ದೇಶನ, ಬರವಣಿಗೆ, ಛಾಯಾಗ್ರಹಣದ ಹೆಸರುಗಳು ನಿಂತ ಕಾರ್ಡಿನಲ್ಲಿ ಬರಲಿ. ಅದರ ಹಿಂದೆಯೇ ಕೃತಜ್ಞತೆಯ ಎರಡು ಮೂರು ಕಾರ್ಡು. ಆಮೇಲೆ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಓಡುವ ರೋಲ್ ಶುರು. ರೋಲ್‌ನಲ್ಲಿ ಮೊದಲು ಕಲಾವಿದರು, ಅವರ ಬೆನ್ನಿಗೇ ದುಡ್ಡು ಕೊಟ್ಟವರು, ನಂತರ ಜಾಗ, ಊಟ, ಗಾಡಿ ಕೊಟ್ಟವರು. ಉಳಿದ ತಂತ್ರಜ್ಞರು, ಸಂಗೀತದ ಹಕ್ಕು, ಅನುಮತಿಗಳು, ಹಕ್ಕುಸ್ವಾಮ್ಯದ ಸಾಲು ಕೊನೆಗೆ. ತಂಡದವರು ಹೇಗೂ ಪೂರ್ತಿ ಕೂತು ನೋಡುತ್ತಾರೆ, ಅಲ್ವಾ?

ದುಡ್ಡು ಕೊಟ್ಟೋರಿಗೆಲ್ಲ "ಸಹ ನಿರ್ಮಾಪಕರು" ಅಂತ ಹಾಕ್ಬಿಡೋದಾ? ಖುಷಿ ಪಡ್ತಾರೆ.

ಖುಷಿ ಪಡುತ್ತಾರೆ, ನಿಜ. ಆದರೆ ನಿರ್ಮಾಪಕ ಅನ್ನುವುದು ಒಂದು ಕೆಲಸದ ಹೆಸರು. ಸಿನಿಮಾದ ಹಕ್ಕು ಯಾರದು, ಖರ್ಚಿಗೆ ಯಾರು ಹೊಣೆ ಎಂದು ಯಾರಾದರೂ ಕೇಳಿದಾಗ ಮೊದಲು ನೋಡುವುದು ಈ ಹೆಸರನ್ನೇ. ಚಿತ್ರೋತ್ಸವಗಳ ಅರ್ಜಿಯಲ್ಲೂ ನಿರ್ಮಾಪಕರ ಹೆಸರು ತುಂಬಬೇಕು. ತೆರೆಯ ಮೇಲೆ ನೂರ ಎಂಬತ್ತಾರು ಜನ, ಅರ್ಜಿಯಲ್ಲಿ ಇಬ್ಬರು ಇದ್ದರೆ ಉತ್ತರ ಹೇಳುವವರು ನೀವೇ.

"ಈ ಚಿತ್ರಕ್ಕೆ ಹಣ ಕೊಟ್ಟವರು" ಎಂದು ನೇರವಾಗಿ ಬರೆಯಿರಿ. ದುಡ್ಡು ಕೇಳುವಾಗಲೇ ಯಾರಿಗಾದರೂ "ಸಹ ನಿರ್ಮಾಪಕ" ಎಂದು ಮಾತು ಕೊಟ್ಟಿದ್ದರೆ ಆ ಮಾತು ಉಳಿಸಿಕೊಳ್ಳಿ. ಜೊತೆಗೆ ಹಕ್ಕಿನ ವಿಷಯ ಏನು ಅನ್ನುವುದನ್ನು ಅವರೊಂದಿಗೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಜಾಸ್ತಿ ಕೊಟ್ಟವರ ಹೆಸರು ಮೇಲೆ, ದಪ್ಪಕ್ಷರದಲ್ಲಿ ಹಾಕಿ ಅಂತ ಊರಲ್ಲಿ ಒತ್ತಾಯ ಇದೆ. ಏನ್ ಮಾಡೋದು?

ದೇವಸ್ಥಾನದ ಗೋಡೆಯ ಕಲ್ಲಿನಲ್ಲಿ ಹೆಸರಿನ ಮುಂದೆ ರೂಪಾಯಿ ಕೆತ್ತಿರುವುದನ್ನು ನಾವೆಲ್ಲ ನೋಡಿದ್ದೇವೆ. ಹಾಗಾಗಿ ಈ ಬೇಡಿಕೆ ಬಂದೇ ಬರುತ್ತದೆ. ಆದರೂ ಎಲ್ಲರಿಗೂ ಒಂದೇ ಅಕ್ಷರದ ಗಾತ್ರ, ಅಕಾರಾದಿ ಕ್ರಮ, ಮೊತ್ತ ಬೇಡ ಅನ್ನುವುದರ ಮೇಲೆ ನಿಂತುಬಿಡಿ.

ಇದಕ್ಕೆ ನ್ಯಾಯದ ಕಾರಣ ಒಂದಿದೆ: ಕೂಲಿಯಲ್ಲಿ ಉಳಿಸಿ ಇನ್ನೂರು ಕೊಟ್ಟವರಿಗೂ ಅದು ದೊಡ್ಡ ದುಡ್ಡೇ. ಇನ್ನೊಂದು ತೆರೆಯ ಕಾರಣ. ರೋಲ್ ಓಡುವಾಗ ಜನ ಪಟ್ಟಿಯನ್ನು ಓದುವುದಿಲ್ಲ, ತಮ್ಮ ಹೆಸರನ್ನು ಹುಡುಕುತ್ತಾರೆ. ಅಕಾರಾದಿ ಕ್ರಮ ಇದ್ದರೆ "ಈಗ 'ಪ' ಬಂತು, ಇನ್ನೇನು 'ಮ' ಬರುತ್ತೆ" ಎಂದು ಕಣ್ಣು ಸಿದ್ಧವಾಗಿರುತ್ತದೆ. ಮೊತ್ತದ ಕ್ರಮದಲ್ಲಿ ಹುಡುಕಲು ಆಧಾರವೇ ಇಲ್ಲ. ಒತ್ತಾಯ ಮಾಡುವವರಿಗೆ ಈ ಎರಡನೇ ಕಾರಣ ಹೇಳಿ, ಬೇಗ ಒಪ್ಪುತ್ತಾರೆ.

ಹೆಸರಿನ ಹಿಂದೆ ಶ್ರೀ, ಶ್ರೀಮತಿ ಹಾಕ್ಲೇಬೇಕಾ?

ಹಾಕಿದರೆ ಎಲ್ಲರಿಗೂ, ಬಿಟ್ಟರೆ ಎಲ್ಲರಿಗೂ. ನಾನು ಬಿಡುತ್ತೇನೆ. ಮೂರು ಕಾಲಮ್ಮಿನಲ್ಲಿ ಹೆಸರು ಹಾಕುವಾಗ ಪ್ರತಿ ಸಾಲೂ "ಶ್ರೀ" ಎಂದೇ ಶುರುವಾದರೆ ಹೆಸರಿನ ಮೊದಲ ಅಕ್ಷರ ಕಣ್ಣಿಗೆ ಸಿಗುವುದಿಲ್ಲ. ಗೌರವವನ್ನು ಪಟ್ಟಿಯ ತಲೆಬರಹದಲ್ಲಿ ಒಮ್ಮೆ ತೋರಿಸಿದರೆ ಸಾಕು.

## ಹೆಸರುಗಳನ್ನು ಸೇರಿಸುವ ಬಗ್ಗೆ

ಫೋನ್‌ಪೇನಲ್ಲಿ ಬಂದ ಹೆಸರನ್ನೇ ಕನ್ನಡಕ್ಕೆ ಬರ್ಕೊಂಡ್ರೆ ಸಾಲ್ದಾ?

ಸಾಲದು. ಜಾಸ್ತಿ ತಪ್ಪು ಆಗುವುದೇ ಇಲ್ಲಿ. ಯುಪಿಐನಲ್ಲಿ ಕಾಣುವುದು ಬ್ಯಾಂಕ್ ಖಾತೆಯ ಇಂಗ್ಲಿಷ್ ಹೆಸರು. MANJULA ಎಂದಿದ್ದರೆ ಮಂಜುಳಾ, ಮಂಜುಳ, ಮಂಜುಲಾ ಮೂರೂ ಸಾಧ್ಯ. H ಇನಿಷಿಯಲ್ಲನ್ನು ಕೆಲವರು "ಎಚ್" ಎಂದು ಬರೆಯುತ್ತಾರೆ, ಕೆಲವರು "ಹೆಚ್" ಎಂದು. ಇನ್ನೊಂದು ತೊಡಕು: ಅಜ್ಜಿ ಕೊಟ್ಟ ದುಡ್ಡು ಮೊಮ್ಮಗನ ಫೋನಿನಿಂದ ಬಂದಿರುತ್ತದೆ. ಆಗ ಪಟ್ಟಿಯಲ್ಲಿ ಮೊಮ್ಮಗ ಇರುತ್ತಾನೆ, ಅಜ್ಜಿ ಇರುವುದಿಲ್ಲ.

ದುಡ್ಡು ಬಂದ ದಿನವೇ ಒಂದು ಸಂದೇಶ ಕಳಿಸಿ: "ತೆರೆಯ ಮೇಲೆ ಯಾರ ಹೆಸರು ಬರಬೇಕು? ಹೇಗೆ ಬರಬೇಕೋ ಹಾಗೇ ಕನ್ನಡದಲ್ಲಿ ಬರೆದು ಕಳಿಸಿ." ಕನ್ನಡ ಟೈಪ್ ಮಾಡಲು ಬಾರದವರು ಕಾಗದದ ಮೇಲೆ ಬರೆದು ಫೋಟೋ ಕಳಿಸಲಿ. ನಗದು ಕೊಟ್ಟವರದ್ದನ್ನು ರಸೀದಿ ಪುಸ್ತಕದಲ್ಲಿ ಅವರ ಎದುರಿಗೇ ಬರೆದು ಓದಿ ಹೇಳಿ. ಕೊನೆಯಲ್ಲಿ ಪೂರ್ತಿ ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕಿ, ಒಂದು ವಾರ ಗಡುವು ಕೊಡಿ. ಪಟ್ಟಿಯ ಒಂದು ಪ್ರಿಂಟನ್ನು ಹಾಲಿನ ಡೈರಿಯ ಗೋಡೆಗೂ ಅಂಟಿಸಿ. ಬೆಳಿಗ್ಗೆ ಸಂಜೆ ಎಲ್ಲರೂ ಅಲ್ಲಿಗೆ ಬರುತ್ತಾರೆ, ತಪ್ಪು ಅಲ್ಲೇ ಸಿಗುತ್ತದೆ.

ಕಂಪ್ಯೂಟರ್‌ನಲ್ಲಿ ಅಕಾರಾದಿ ಮಾಡಿದ್ರೆ "ಎ" ಅಕ್ಷರದಲ್ಲೇ ಅರ್ಧ ಊರು ಬಂತು. ಯಾಕೆ?

ಇನಿಷಿಯಲ್ಲುಗಳಿಂದ. ಎಂ, ಎನ್, ಎಸ್, ಎಲ್, ಎಚ್ ಎಲ್ಲವೂ ಕನ್ನಡದಲ್ಲಿ "ಎ" ಎಂದೇ ಶುರು. ನಮ್ಮ ಕಡೆ ಇನಿಷಿಯಲ್ ಹೆಸರಿಗಿಂತ ಮೊದಲು ಬರುತ್ತದೆ. ಹಾಗಾಗಿ ಎಂ. ಶಿವಣ್ಣ, ಎಸ್. ಮಂಜುಳಾ, ಎನ್. ಪುಟ್ಟಸ್ವಾಮಿ ಮೂವರೂ ಒಂದೇ ಕಡೆ ಬಂದು ಕೂರುತ್ತಾರೆ.

ಶೀಟಿನಲ್ಲಿ ಎರಡು ಕಾಲಮ್ ಮಾಡಿ. ಒಂದರಲ್ಲಿ ತೆರೆಗೆ ಬರುವ ಪೂರ್ತಿ ಹೆಸರು "ಎಸ್. ಮಂಜುಳಾ", ಪಕ್ಕದಲ್ಲಿ ಬರೀ "ಮಂಜುಳಾ". ಜೋಡಿಸುವುದು ಎರಡನೆಯದರ ಮೇಲೆ. ಹೀಗೆ ಮಾಡಿದ ಮೇಲೂ ಒಮ್ಮೆ ಕಣ್ಣಾಡಿಸಿ. ಯೂನಿಕೋಡ್ ಸಂಖ್ಯೆಯ ಪ್ರಕಾರವೇ ಜೋಡಿಸುವ ತಂತ್ರಾಂಶಗಳಲ್ಲಿ "ಳ" ಅಕ್ಷರ "ಲ"ದ ಪಕ್ಕಕ್ಕೆ ಬರುತ್ತದೆ, ನಮ್ಮ ವರ್ಣಮಾಲೆಯಲ್ಲಿ ಅದು "ಹ" ಆದ ಮೇಲೆ ಬರಬೇಕು. ಇಂಥವು ಕೆಲವೇ ಇರುತ್ತವೆ, ಕೈಯಲ್ಲೇ ಸರಿಸಿ.

ಒಂದೇ ಹೆಸರಿನವರು ನಾಲ್ಕು ಜನ ಇದ್ದಾರೆ. ಹೆಸರೇ ಬೇಡ ಅನ್ನೋರೂ ಇದ್ದಾರೆ.

ಒಂದೇ ಹೆಸರಿನವರನ್ನು ಬೇರೆ ಮಾಡಲು ಅಪ್ಪನ ಹೆಸರಿನ ಇನಿಷಿಯಲ್ ಅಥವಾ ಊರಿನ ಹೆಸರು ಸಾಕು. "ಅಂಗಡಿ ಶಿವಣ್ಣ" ಎಂದೇ ಎಲ್ಲರೂ ಕರೆಯುತ್ತಿದ್ದರೆ ಹಾಗೇ ಹಾಕಬಹುದು, ಆದರೆ ಅವರನ್ನು ಕೇಳಿಯೇ ಹಾಕಿ. ತೀರಿಕೊಂಡ ತಂದೆ ತಾಯಿಯ ನೆನಪಿಗೆ ಕೊಟ್ಟವರು ಆ ಹೆಸರೇ ಬರಲಿ ಅನ್ನಬಹುದು. ಅಂಥ ಹೆಸರುಗಳನ್ನು "ಇವರ ನೆನಪಿನಲ್ಲಿ" ಎಂಬ ಬೇರೆ ತಲೆಬರಹದ ಕೆಳಗೆ ಇಡಿ.

ಹೆಸರು ಬೇಡ ಎಂದವರನ್ನು ಒಂದು ಸಾಲಿನಲ್ಲಿ ನೆನೆಯಿರಿ: "ಹೆಸರು ಹಾಕಬೇಡಿ ಎಂದ ಏಳು ಜನಕ್ಕೂ." ಆ ಏಳು ಜನಕ್ಕೆ ಅದು ತಮಗೇ ಎಂದು ಗೊತ್ತಾಗುತ್ತದೆ.

## ಮಾತು ಬರೆಯುವ ಬಗ್ಗೆ

ಕೃತಜ್ಞತೆ ಕಾರ್ಡಿನಲ್ಲಿ ಏನು ಬರೀಬೇಕು? "ತುಂಬು ಹೃದಯದ ಧನ್ಯವಾದಗಳು" ಬಿಟ್ಟು ಏನೂ ಹೊಳೀತಿಲ್ಲ.

ಅವರು ಏನು ಕೊಟ್ಟರೋ ಅದನ್ನೇ ಬರೆಯಿರಿ. ಧನ್ಯವಾದ ಅನ್ನುವ ಮಾತು ಒಮ್ಮೆ ಬಂದರೆ ಸಾಕು. ನಮ್ಮ ಉದಾಹರಣೆಯ ಚಿತ್ರಕ್ಕೆ ಮೂರು ಕಾರ್ಡು ಹೀಗಿರಬಹುದು.

ಮೊದಲನೆಯದು: "ಈ ಚಿತ್ರಕ್ಕೆ ಖರ್ಚಾದ ದುಡ್ಡು 186 ಜನ ಕೊಟ್ಟದ್ದು. ಅವರ ಹೆಸರುಗಳು ಮುಂದೆ ಬರುತ್ತವೆ."

ಎರಡನೆಯದು: "ಕಬ್ಬು ಅರೆಯುವ ಕಾಲದಲ್ಲೇ ಮೂರು ದಿನ ಗಾಣ ನಿಲ್ಲಿಸಿ ಆಲೆಮನೆ ಬಿಟ್ಟುಕೊಟ್ಟ ಮನೆಯವರಿಗೆ."

ಮೂರನೆಯದು: "ಚಿತ್ರೀಕರಣದ ಅಷ್ಟೂ ದಿನ ಮುದ್ದೆ, ಸಾರು ಮಾಡಿ ಬಡಿಸಿದ ಸ್ತ್ರೀಶಕ್ತಿ ಸಂಘದವರಿಗೆ. ಧನ್ಯವಾದ."

ಮೊದಲ ಕಾರ್ಡಿನ ಎರಡನೇ ವಾಕ್ಯ ಮುಖ್ಯ. "ಮುಂದೆ ಬರುತ್ತವೆ" ಎಂದು ಓದಿದವರು ಎದ್ದು ಹೋಗುವುದಿಲ್ಲ. ಎರಡನೆಯದರಲ್ಲಿ ಆ ಮನೆಯವರ ನಷ್ಟ ಏನೆಂದು ಇದೆ. ಆಲೆಮನೆ ಓಡುವ ಕಾಲದಲ್ಲಿ ಗಾಣ ನಿಲ್ಲಿಸಿದರೆ ಕಡಿದ ಕಬ್ಬು ಒಣಗುತ್ತದೆ. ಮಂಡ್ಯದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಕಾರ್ಡು ಎಷ್ಟು ಹೊತ್ತು ನಿಲ್ಲಬೇಕು ಎಂದು ತಿಳಿಯಲು ಅದನ್ನು ಜೋರಾಗಿ, ನಿಧಾನಕ್ಕೆ ಓದಿ. ಆ ಹೊತ್ತಿಗೆ ಇನ್ನೂ ಅರ್ಧ ಸೇರಿಸಿ. ನಾಲ್ಕು ಸೆಕೆಂಡಿನಲ್ಲಿ ಓದಿ ಮುಗಿದರೆ ಆರು ಸೆಕೆಂಡು ನಿಲ್ಲಿಸಿ. ನೀವು ಬರೆದವರಾದ್ದರಿಂದ ನಿಮಗೆ ಬೇಗ ಓದಿ ಮುಗಿಯುತ್ತದೆ. ಆದಷ್ಟೂ ಬೇರೆಯವರ ಕೈಲಿ ಓದಿಸಿ.

ಹೆಸರುಗಳನ್ನು ಇಂಗ್ಲಿಷ್‌ನಲ್ಲೂ ಹಾಕ್ಬೇಕಾ? ಬೇರೆ ರಾಜ್ಯದ ಚಿತ್ರೋತ್ಸವಕ್ಕೂ ಕಳಿಸ್ತೀವಿ.

ಕಲಾವಿದರು ಮತ್ತು ತಂತ್ರಜ್ಞರ ಹೆಸರು ಎರಡೂ ಭಾಷೆಯಲ್ಲಿ ಇರಲಿ. ಅವರ ಕೆಲಸ ನೋಡಿ ಯಾರಾದರೂ ಹುಡುಕಿಕೊಂಡು ಬರಬಹುದು. ದುಡ್ಡು ಕೊಟ್ಟವರ ಪಟ್ಟಿ ಕನ್ನಡದಲ್ಲಿ ಮಾತ್ರ ಸಾಕು, ಅದು ಅವರು ಓದಲಿ ಎಂದು ಹಾಕುವುದು. ತಲೆಬರಹಕ್ಕೆ ಮಾತ್ರ ಒಂದು ಇಂಗ್ಲಿಷ್ ಸಾಲು ಕೊಡಿ, ಹೊರಗಿನವರಿಗೆ ಇದು ಯಾವ ಪಟ್ಟಿ ಎಂದು ತಿಳಿಯುತ್ತದೆ.

ಅಂತರ್ಜಾಲದಿಂದ ತಗೊಂಡ ಸಂಗೀತಕ್ಕೆ ಸುಮ್ನೆ "ಸಂಗೀತ: ಇಂಟರ್ನೆಟ್" ಅಂದ್ರೆ ಆಗಲ್ವಾ?

ಆಗಲ್ಲ. CC BY 4.0 ಪರವಾನಗಿಯ ಸಂಗೀತವಾದರೆ ಮಾಡಿದವರ ಹೆಸರು, ಪರವಾನಗಿಯ ಹೆಸರು ಮತ್ತು ಕೊಂಡಿ, ನೀವು ಕತ್ತರಿಸಿ ಬದಲಿಸಿದ್ದರೆ ಆ ಮಾತು ಬರಬೇಕು. ಕೃತಿಯ ಹೆಸರನ್ನೂ ಸೇರಿಸಿ. NC ಎಂಬ ಅಕ್ಷರ ಇದ್ದರೆ ವಾಣಿಜ್ಯ ಬಳಕೆಗೆ ಅನುಮತಿ ಇಲ್ಲ ಎಂದರ್ಥ. ND ಇದ್ದರೆ ಸಿನಿಮಾಗೆ ಬಳಸಲೇಬೇಡಿ, ಚಿತ್ರಕ್ಕೆ ಹೊಂದಿಸಿ ಕೂರಿಸುವುದನ್ನೂ ಆ ಪರವಾನಗಿ ಬದಲಾವಣೆ ಎಂದೇ ಲೆಕ್ಕ ಹಿಡಿಯುತ್ತದೆ. ಅನುಮತಿ ಕೊಟ್ಟ ಕಚೇರಿಗಳ ಹೆಸರನ್ನು ಅನುಮತಿ ಪತ್ರದಲ್ಲಿ ಇರುವಂತೆಯೇ ಬರೆಯಿರಿ.

## ವೇಗದ ಲೆಕ್ಕ

ರೋಲ್ ಎಷ್ಟು ವೇಗವಾಗಿ ಓಡಬೇಕು?

"ಒಟ್ಟು ಎಷ್ಟು ನಿಮಿಷ" ಎಂದು ಶುರು ಮಾಡಬೇಡಿ. ಒಂದು ಹೆಸರು ಕೆಳಗೆ ಕಾಣಿಸಿಕೊಂಡು ಮೇಲೆ ಮರೆಯಾಗುವ ತನಕ ಎಷ್ಟು ಸೆಕೆಂಡು ತೆರೆಯ ಮೇಲಿರುತ್ತದೆ ಎಂದು ಕೇಳಿ.

ತೆರೆಯ ಎತ್ತರ 1080 ಪಿಕ್ಸೆಲ್, ಸೆಕೆಂಡಿಗೆ 24 ಫ್ರೇಮ್ ಎಂದುಕೊಳ್ಳಿ. ಪ್ರತಿ ಫ್ರೇಮಿಗೆ 3 ಪಿಕ್ಸೆಲ್ ಸರಿದರೆ ಸೆಕೆಂಡಿಗೆ 72 ಪಿಕ್ಸೆಲ್. ಒಂದು ಹೆಸರು 15 ಸೆಕೆಂಡು ಕಾಣುತ್ತದೆ. 4 ಪಿಕ್ಸೆಲ್ ಸರಿದರೆ ಸೆಕೆಂಡಿಗೆ 96, ಹೆಸರು ಕಾಣುವುದು 11 ಸೆಕೆಂಡಿಗೆ ಸ್ವಲ್ಪ ಜಾಸ್ತಿ. 2 ಪಿಕ್ಸೆಲ್ ಆದರೆ ಹೆಸರು 22 ಸೆಕೆಂಡು ತೆವಳುತ್ತದೆ, ನೋಡುವವರಿಗೆ ಬೇಸರ. ಮೂರು ಕಾಲಮ್ಮಿನ ಪಟ್ಟಿಗೆ 5 ಪಿಕ್ಸೆಲ್ ದಾಟಬೇಡಿ. ಹಿರಿಯರಿಗೆ ಹೆಸರು ಹುಡುಕಲು ಆಗುವುದಿಲ್ಲ.

ನಮ್ಮ ಪಟ್ಟಿಗೆ ಒಟ್ಟು ಎಷ್ಟು ಹೊತ್ತು ಬೇಕು ಅಂತ ಮೊದಲೇ ಗೊತ್ತಾಗುತ್ತಾ?

ಗೊತ್ತಾಗುತ್ತದೆ, ಸಾಲು ಎಣಿಸಿದರೆ ಸಾಕು. ಅಕ್ಷರದ ಗಾತ್ರ 40 ಪಿಕ್ಸೆಲ್, ಒಂದು ಸಾಲಿನಿಂದ ಮುಂದಿನ ಸಾಲಿಗೆ 64 ಪಿಕ್ಸೆಲ್ ಇಡೋಣ. ಕನ್ನಡಕ್ಕೆ ಇಷ್ಟು ಅಂತರ ಬೇಕೇ ಬೇಕು. ಮೇಲೆ ಗುಣಿತದ ಗುಡಿಸು, ಕೆಳಗೆ ಒತ್ತಕ್ಷರ ಇರುತ್ತವೆ. ಇಂಗ್ಲಿಷಿನ ಅಂತರ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ.

186 ಹೆಸರು ಮೂರು ಕಾಲಮ್ಮಿನಲ್ಲಿ 62 ಸಾಲು. ಕಲಾವಿದರು, ತಂತ್ರಜ್ಞರು 36 ಸಾಲು. ಜಾಗ, ಊಟ, ಗಾಡಿ, ಅನುಮತಿ 22 ಸಾಲು. ತಲೆಬರಹ ಮತ್ತು ಖಾಲಿ ಜಾಗ 20 ಸಾಲು. ಒಟ್ಟು 140 ಸಾಲು, 64ರಿಂದ ಗುಣಿಸಿದರೆ 8960 ಪಿಕ್ಸೆಲ್. ಕೊನೆಯ ಸಾಲು ಪೂರ್ತಿ ಮೇಲೆ ಹೋಗಲು ತೆರೆಯ ಎತ್ತರ 1080 ಸೇರಿಸಬೇಕು. 10040 ಆಯಿತು.

ಫ್ರೇಮಿಗೆ 3 ಪಿಕ್ಸೆಲ್ ವೇಗದಲ್ಲಿ 2 ನಿಮಿಷ 19 ಸೆಕೆಂಡು. 4 ಪಿಕ್ಸೆಲ್ ವೇಗದಲ್ಲಿ 1 ನಿಮಿಷ 45 ಸೆಕೆಂಡು.

ಚಿತ್ರೋತ್ಸವದಲ್ಲಿ 15 ನಿಮಿಷದ ಮಿತಿ ಇದೆ. ಹೆಸರುಗಳನ್ನ ಕತ್ತರಿಸಿಬಿಡೋದಾ?

ಮೊದಲು ನಿಯಮ ಓದಿ. ಹೆಸರುಪಟ್ಟಿಯೂ ಅವಧಿಗೆ ಸೇರುತ್ತದೆ ಎಂದು ಬಹಳ ಕಡೆ ಬರೆದಿರುತ್ತಾರೆ. ಆಸ್ಕರ್‌ನ ಕಿರುಚಿತ್ರ ವಿಭಾಗದ 40 ನಿಮಿಷದ ಮಿತಿಯೂ ಹೆಸರುಪಟ್ಟಿ ಸೇರಿಸಿಯೇ.

ನಮ್ಮ ಉದಾಹರಣೆಯಲ್ಲಿ ನಿಂತ ಕಾರ್ಡುಗಳೂ ಆ 12 ನಿಮಿಷ 50 ಸೆಕೆಂಡಿನ ಒಳಗೇ ಬಂದವು ಎಂದಿಟ್ಟುಕೊಳ್ಳಿ. 3 ಪಿಕ್ಸೆಲ್ ವೇಗದ ರೋಲ್ ಸೇರಿಸಿದರೆ 15 ನಿಮಿಷ 9 ಸೆಕೆಂಡು, ಮಿತಿ ದಾಟಿತು. 4 ಪಿಕ್ಸೆಲ್ ವೇಗದಲ್ಲಿ 14 ನಿಮಿಷ 35 ಸೆಕೆಂಡು, ಒಂದು ಹೆಸರೂ ಬಿಡದೆ ಒಳಗೆ ಕೂತಿತು. ಊರಿನ ಪ್ರದರ್ಶನಕ್ಕೆ ನಿಧಾನದ್ದು, ಚಿತ್ರೋತ್ಸವಕ್ಕೆ ವೇಗದ್ದು ಎಂದು ಎರಡು ಪ್ರತಿ ಮಾಡಿಕೊಳ್ಳಿ. ಹೆಸರು ಕತ್ತರಿಸಿದ ಪ್ರತಿ ಮಾತ್ರ ಬೇಡ. ದುಡ್ಡು ಕೇಳುವಾಗ "ಸಿನಿಮಾದಲ್ಲಿ ನಿಮ್ಮ ಹೆಸರು ಬರುತ್ತೆ" ಎಂದಿರುತ್ತೀರಿ, "ಊರಿನ ಪ್ರತಿಯಲ್ಲಿ ಬರುತ್ತೆ" ಎಂದಲ್ಲ.

ಓಡೋದರ ಬದಲು ಹೆಸರುಗಳನ್ನ ಕಾರ್ಡ್ ಕಾರ್ಡಾಗಿ ನಿಲ್ಲಿಸಿದ್ರೆ ಓದೋಕೆ ಸುಲಭ ಅಲ್ವಾ?

ಹೆಸರು ಕಡಿಮೆ ಇದ್ದರೆ ಹೌದು. 30 ಹೆಸರಿನ ತನಕ ನಾನೂ ನಿಂತ ಕಾರ್ಡೇ ಮಾಡುತ್ತೇನೆ. ಪಟ್ಟಿ ಉದ್ದವಾದಾಗ ಲೆಕ್ಕ ತಿರುಗುತ್ತದೆ. ಕಾರ್ಡಿಗೆ 36 ಹೆಸರಿನಂತೆ 186 ಹೆಸರಿಗೆ ಆರು ಕಾರ್ಡು ಬೇಕು. ಒಂದೊಂದನ್ನು 7 ಸೆಕೆಂಡು ನಿಲ್ಲಿಸಿದರೆ 42 ಸೆಕೆಂಡು. ರೋಲ್‌ನಲ್ಲಿ ಅದೇ 62 ಸಾಲು 4 ಪಿಕ್ಸೆಲ್ ವೇಗದಲ್ಲಿ ಸುಮಾರು 41 ಸೆಕೆಂಡು ತಗೊಳ್ಳುತ್ತದೆ. ಹಿಡಿಯುವ ಹೊತ್ತು ಒಂದೇ, ಆದರೆ ಕಾರ್ಡಿನಲ್ಲಿ ಹೆಸರು 7 ಸೆಕೆಂಡು ಮಾತ್ರ ಕಾಣುತ್ತದೆ, ರೋಲ್‌ನಲ್ಲಿ 11 ಸೆಕೆಂಡು.

## ತಾಂತ್ರಿಕ ಪ್ರಶ್ನೆಗಳು

ರೋಲ್ ಓಡುವಾಗ ಅಕ್ಷರ ನಡುಗುತ್ತೆ. ಲ್ಯಾಪ್‌ಟಾಪ್ ತೊಂದರೆನಾ?

ಒಮ್ಮೊಮ್ಮೆ ಲ್ಯಾಪ್‌ಟಾಪ್. ಬಹಳ ಸಲ ವೇಗ. ಫ್ರೇಮಿಗೆ 3 ಅಥವಾ 4 ಎಂಬ ಪೂರ್ಣ ಸಂಖ್ಯೆಯ ಬದಲು 3.4 ಪಿಕ್ಸೆಲ್ ಸರಿದರೆ, ಅಕ್ಷರ ಎರಡು ಪಿಕ್ಸೆಲ್ಲಿನ ನಡುವೆ ಬೀಳುತ್ತದೆ. ಒಂದು ಫ್ರೇಮಿನಲ್ಲಿ ಚೂಪಾಗಿ, ಇನ್ನೊಂದರಲ್ಲಿ ಮಂಕಾಗಿ ಕಂಡು ಕಣ್ಣಿಗೆ ನಡುಕ ಅನ್ನಿಸುತ್ತದೆ. ಎಡಿಟಿಂಗ್ ತಂತ್ರಾಂಶದಲ್ಲಿ ರೋಲ್‌ನ ತುದಿ ಹಿಡಿದು "ಹಾಡಿನ ಉದ್ದಕ್ಕೆ" ಎಳೆದರೆ ಆಗುವುದು ಇದೇ.

ಪರೀಕ್ಷೆ ಸುಲಭ. ಫೈಲನ್ನು ಒಂದೊಂದೇ ಫ್ರೇಮ್ ಮುಂದಕ್ಕೆ ಒತ್ತಿ ನೋಡಿ. ಎಲ್ಲ ಫ್ರೇಮಿನಲ್ಲೂ ಅಕ್ಷರದ ಅಂಚು ಒಂದೇ ಥರ ಇದ್ದರೆ ವೇಗ ಸರಿ ಇದೆ, ತೊಂದರೆ ನೋಡುವ ಯಂತ್ರದ್ದು. ತೆಳು ಅಕ್ಷರ, ಅಪ್ಪಟ ಬಿಳಿ ಬಣ್ಣ ಎರಡೂ ನಡುಕವನ್ನು ಎದ್ದು ತೋರಿಸುತ್ತವೆ. ಸ್ವಲ್ಪ ದಪ್ಪ ಅಕ್ಷರ, ತುಸು ಬೂದು ಬೆರೆತ ಬಿಳಿ ಬಳಸಿ.

ಹಾಗಾದ್ರೆ ಹಾಡಿನ ಉದ್ದಕ್ಕೆ ಹೊಂದಿಸೋದು ಹೇಗೆ?

ವೇಗ ಮುಟ್ಟಬೇಡಿ, ಖಾಲಿ ಜಾಗ ಬದಲಿಸಿ. ಹಾಡು 110 ಸೆಕೆಂಡು ಇದೆ, ವೇಗ ಸೆಕೆಂಡಿಗೆ 96 ಪಿಕ್ಸೆಲ್. ಒಟ್ಟು 10560 ಪಿಕ್ಸೆಲ್ ಬೇಕು. ನಮ್ಮಲ್ಲಿ ಇರುವುದು 10040. ಉಳಿದ 520 ಪಿಕ್ಸೆಲ್ ಎಂದರೆ ಎಂಟು ಸಾಲಿನಷ್ಟು ಜಾಗ. ಅದನ್ನು ತಲೆಬರಹಗಳ ಮೇಲೆ ಹಂಚಿ.

ಒತ್ತಕ್ಷರ ಒಡೆದು ಹೋಗ್ತಿದೆ. ಡಿಟಿಪಿ ಅಂಗಡಿಯಿಂದ ತಂದ ಪಟ್ಟಿ ಅಂತೂ ಪೂರ್ತಿ ಇಂಗ್ಲಿಷ್ ಚಿಹ್ನೆ ಆಗಿದೆ.

ಇವು ಎರಡು ಬೇರೆ ಕಾಯಿಲೆ. ಅಂಗಡಿಯ ಪಟ್ಟಿ ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಟೈಪ್ ಆಗಿರುತ್ತದೆ. ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನು ಒಂದೊಂದಾಗಿ ನೋಡಿ. ಹರ್ಷ, ಮೂರ್ತಿ, ಪಾರ್ವತಿ ಥರದ ಹೆಸರುಗಳಲ್ಲಿ ತಪ್ಪು ಜಾಸ್ತಿ.

ಒತ್ತಕ್ಷರ ಒಡೆಯುವುದು ಎಡಿಟಿಂಗ್ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬಾರದಿದ್ದಾಗ. ಕೆಲಸ ಶುರು ಮಾಡುವ ಮೊದಲೇ "ಕೃಷ್ಣಮೂರ್ತಿ, ಲಕ್ಷ್ಮಮ್ಮ, ಪುಟ್ಟಸ್ವಾಮಿ, ಜ್ಯೋತಿ" ಎಂದು ಟೈಪ್ ಮಾಡಿ ನೋಡಿ. ಈ ನಾಲ್ಕು ಸರಿ ಬಂದರೆ ಉಳಿದವೂ ಬರುತ್ತವೆ. ಬರದಿದ್ದರೆ ಆ ತಂತ್ರಾಂಶದಲ್ಲಿ ಹೆಸರು ಟೈಪ್ ಮಾಡಬೇಡಿ. ಪೂರ್ತಿ ಪಟ್ಟಿಯನ್ನು Inkscapeನಲ್ಲಿ 1920 ಅಗಲ, 8960 ಎತ್ತರದ ಒಂದೇ ಚಿತ್ರವಾಗಿ ಮಾಡಿ roll.png ಎಂಬ ಹೆಸರಿನಲ್ಲಿ PNG ತೆಗೆಯಿರಿ. Noto Sans Kannada ಅಕ್ಷರಶೈಲಿ ಉಚಿತ, ದೂರದಿಂದಲೂ ಚೆನ್ನಾಗಿ ಓದಿಸಿಕೊಳ್ಳುತ್ತದೆ.

ಆ ಉದ್ದ ಚಿತ್ರವನ್ನು ಓಡಿಸೋದು ಹೇಗೆ?

ಉಚಿತವಾಗಿ ಸಿಗುವ FFmpegನಲ್ಲಿ ಒಂದೇ ಆಜ್ಞೆ ಸಾಕು. ಒಂದೇ ಸಾಲಿನಲ್ಲಿ ಟೈಪ್ ಮಾಡಿ.

```
ffmpeg -f lavfi -i color=c=black:s=1920x1080:r=24 -i roll.png -filter_complex "overlay=x=0:y=H-4*n:format=rgb" -frames:v 2510 -c:v prores_ks -profile:v 3 -pix_fmt yuv422p10le roll.mov
```

ಇಲ್ಲಿ 4 ಎಂಬುದು ಫ್ರೇಮಿಗೆ ಸರಿಯುವ ಪಿಕ್ಸೆಲ್. 2510 ಎಂಬುದು 10040ನ್ನು 4ರಿಂದ ಭಾಗಿಸಿದ್ದು, ಒಟ್ಟು ಫ್ರೇಮ್. ಊರಿನ ಪ್ರತಿಗೆ 4ರ ಜಾಗದಲ್ಲಿ 3, 2510ರ ಜಾಗದಲ್ಲಿ 3347 ಹಾಕಿದರೆ ಮುಗಿಯಿತು. ನಿಮ್ಮ ಸಿನಿಮಾ ಸೆಕೆಂಡಿಗೆ 25 ಫ್ರೇಮ್ ಆಗಿದ್ದರೆ `r=25` ಮಾಡಲು ಮರೆಯಬೇಡಿ. ಫ್ರೇಮ್ ದರ ಹೊಂದದಿದ್ದರೆ ಎಡಿಟಿಂಗ್‌ನಲ್ಲಿ ಮತ್ತೆ ನಡುಕ ಬರುತ್ತದೆ.

ಊರಲ್ಲಿ ಪರದೆ ಕಟ್ಟಿ ತೋರಿಸಿದಾಗ ಪಕ್ಕದ ಹೆಸರುಗಳು ಕತ್ತರಿಸಿ ಹೋದವು. ಯಾಕೆ?

ಪ್ರೊಜೆಕ್ಟರ್ ಬೆಳಕು ಬಟ್ಟೆಯ ಆಚೆಗೂ ಬಿದ್ದಿರುತ್ತದೆ. ಎಡ ಬಲ ಎರಡೂ ಕಡೆ ಅಗಲದ ಹತ್ತನೇ ಒಂದು ಭಾಗ, ಅಂದರೆ 190 ಪಿಕ್ಸೆಲ್‌ನಷ್ಟು ಖಾಲಿ ಬಿಡಿ. ಉಳಿದ 1540 ಪಿಕ್ಸೆಲ್ಲಿನಲ್ಲಿ ಮೂರು ಕಾಲಮ್ ಆರಾಮವಾಗಿ ಕೂರುತ್ತವೆ. ತುಂಬ ಉದ್ದದ ಹೆಸರಿದ್ದರೆ ಅದೊಂದನ್ನೇ ಚಿಕ್ಕಕ್ಷರ ಮಾಡಬೇಡಿ, ಎರಡು ಸಾಲಿಗೆ ಮುರಿಯಿರಿ.

ಪ್ರದರ್ಶನ ಆದ ಮೇಲೆ ಒಬ್ಬರ ಹೆಸರು ಬಿಟ್ಟುಹೋಗಿದೆ ಅಂತ ಗೊತ್ತಾಯ್ತು. ಈಗೇನು ಮಾಡೋದು?

ಸೇರಿಸಿ, ಮತ್ತೆ ಫೈಲ್ ತೆಗೆಯಿರಿ. ಇದಕ್ಕಾಗಿಯೇ ರೋಲ್ ಅನ್ನು ಸಿನಿಮಾದಿಂದ ಬೇರೆ ಫೈಲಾಗಿ ಇಟ್ಟುಕೊಳ್ಳಬೇಕು. ನಮ್ಮ ಉದಾಹರಣೆಯಲ್ಲಿ 62 ಸಾಲಿಗೆ ಮೂರರಂತೆ 186 ಜಾಗವೂ ತುಂಬಿದೆ. ಒಂದು ಹೆಸರು ಸೇರಿದರೆ ಒಂದು ಸಾಲು, ಅಂದರೆ 64 ಪಿಕ್ಸೆಲ್ ಬೆಳೆಯುತ್ತದೆ. ಅಷ್ಟನ್ನೇ ತಲೆಬರಹದ ಮೇಲಿನ ಖಾಲಿ ಜಾಗದಿಂದ ಕಳೆದರೆ ಒಟ್ಟು ಉದ್ದ ಹಾಗೇ ಉಳಿಯುತ್ತದೆ, ಸಂಗೀತವೂ ಕೆಡುವುದಿಲ್ಲ. ಮೊದಲ ಕಾರ್ಡಿನ 186ನ್ನು 187 ಮಾಡಿ. ಫೈಲಿನ ಹೆಸರಿನಲ್ಲಿ ತಾರೀಖು ಹಾಕಿ, ಹಳೆಯ ಪ್ರತಿ ಯಾರ್ಯಾರ ಹತ್ತಿರ ಇದೆಯೋ ಅವರಿಗೆಲ್ಲ ಹೊಸದನ್ನು ಕಳಿಸಿ. ಬಿಟ್ಟುಹೋದವರ ಮನೆಗೆ ಹೋಗಿ ಅವರ ಹೆಸರು ಬರುವ ಭಾಗವನ್ನು ತೋರಿಸಿ, ಕಾಗುಣಿತ ಸರಿಯಿದೆಯಾ ಎಂದು ಅಲ್ಲೇ ಕೇಳಿಕೊಳ್ಳಿ.